ಗೆಣ್ಣಿನ ಮೇಲಿನ ಒಟಿಪಿ

ಮಹಾರಾಷ್ಟ್ರದ ಗಡಿಯ ಇಚಲಕರಂಜಿಯಲ್ಲಿ ನಾನು ಬೈಕಿನ ಮೇಲೆ ಪಾರ್ಸಲ್ ಹಂಚುತ್ತಿದ್ದಾಗ ಸುಳ್ಳು ಹೇಳುವುದು ಎರಡು ಬೆರಳಿನ ಕೆಲಸವಾಗಿತ್ತು. ಒಂದು ಬೆರಳಿನಿಂದ ಆ್ಯಪಿನಲ್ಲಿ ‘ಮನೆ ಬಾಗಿಲು ಹಾಕಿದೆ’ ಎಂಬ ಕಾರಣ ಒತ್ತಬೇಕು, ಇನ್ನೊಂದರಿಂದ ಮುಚ್ಚಿದ ಬಾಗಿಲಿನ ಫೋಟೋ ತೆಗೆಯಬೇಕು. ಯಾರ ಬಾಗಿಲು ಎಂದು ಆ್ಯಪ್ ಕೇಳುವುದಿಲ್ಲ. ಓಣಿ ಅದೇ ಆಗಿದ್ದರೆ ಸಾಕು, ಅದಕ್ಕೆ ಸಮಾಧಾನ.

ತಲುಪಿಸಿದೆ ಎನ್ನುವುದು ಮಾತ್ರ ಅಷ್ಟು ಸಲೀಸಲ್ಲ. ಬಟ್ಟೆ, ಬಾಚಣಿಕೆಯಂಥ ಸಣ್ಣ ಸಾಮಾನಾದರೆ ಹೊಸ್ತಿಲ ಮೇಲಿಟ್ಟು ಫೋಟೋ ತೆಗೆದರೆ ಮುಗಿಯಿತು. ಬೆಲೆಬಾಳುವ ಸಾಮಾನಾದರೆ ಗಿರಾಕಿಯ ಮೊಬೈಲಿಗೆ ನಾಲ್ಕಂಕಿಯ ಒಟಿಪಿ ಬರುತ್ತದೆ. ಅದನ್ನು ಅವರು ಹೇಳಬೇಕು, ನಾನು ಹಾಕಬೇಕು. ಸರಿಯಿದ್ದರೆ ‘ಡೆಲಿವರಿಗೆ ಹೊರಟಿದೆ’ ಎಂದಿದ್ದದ್ದು ಕಣ್ಣು ಮಿಟುಕಿಸುವುದರಲ್ಲಿ ‘ತಲುಪಿದೆ’ ಎಂದಾಗುತ್ತದೆ, ಗಿರಾಕಿಗೂ ಮೆಸೇಜು ಹೋಗುತ್ತದೆ. ಒಟಿಪಿ ಮೂರು ಸಲ ತಪ್ಪಿದರೆ ನಮ್ಮ ಆ್ಯಪ್ ಆ ದಿನಕ್ಕೆ ಮುಷ್ಕರ ಹೂಡುತ್ತಿತ್ತು. ಹಾಗೆಯೇ ಮೂರು ದಿನ ಹೋಗಿ ಮೂರೂ ದಿನ ಕೊಡಲಾಗದಿದ್ದರೆ ಪಾರ್ಸಲ್ ಮಾರಿದವನ ಊರಿಗೇ ವಾಪಸ್ಸು.

ಅಂಥ ಒಟಿಪಿಯ ಒಂದು ಪಾರ್ಸಲ್ಲಿಗೆ ಮೊದಲ ದಿನ ಹೋದವನು ನನ್ನ ಜೊತೆಗಾರ. ಒಟಿಪಿ ಬರುವ ನಂಬರಿಗೆ ಎಷ್ಟು ಫೋನ್ ಮಾಡಿದರೂ ಎತ್ತಲಿಲ್ಲವೆಂದು ಅರ್ಧ ದಾರಿಯಿಂದಲೇ ತಿರುಗಿ ಬಂದನಂತೆ. ಎರಡನೆಯ ದಿನ ನನ್ನ ಪಾಳಿ. ಭಾರಿ ಬಿಸಿಲು. ಓಣಿಯ ಬಾಯಲ್ಲೇ ಕಬ್ಬಿನ ಹಾಲಿನ ಗಾಡಿ ನಿಂತಿತ್ತು, ಅದರ ಎದುರಿಗೆ ಯಾವುದೋ ಒಂದು ನೀಲಿ ಬಾಗಿಲು ಮುಚ್ಚಿಕೊಂಡಿತ್ತು. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಕಬ್ಬಿನ ಹಾಲು ಮಾತ್ರ ಚೆನ್ನಾಗಿತ್ತು.

ಮೂರನೆಯ ದಿನ ಮುಂಜಾನೆ ನಮ್ಮ ಸೂಪರ್‌ವೈಜರ್ ಅದೇ ಪಾರ್ಸಲನ್ನು ನನ್ನ ಚೀಲಕ್ಕೆ ತುರುಕುತ್ತ, “ಹಾ ಶೇವಟಚಾ ಚಾನ್ಸ್ ಆಹೇ” ಎಂದರು. ಇದೇ ಕೊನೆಯ ಚಾನ್ಸು, ಇವತ್ತು ಕೊಡದಿದ್ದರೆ ಸಂಜೆ ಗಾಡಿಯಲ್ಲಿ ವಾಪಸ್ಸು ಹೋಗುತ್ತದೆ ಎಂದು ಅರ್ಥ. ನಾನು ತಲೆಯಾಡಿಸಿದೆ. ಹಿಂದಿನ ದಿನದ ಬಾಗಿಲಿನ ವಿಷಯ ಎತ್ತಲಿಲ್ಲ.

ಮನೆ ಮುಟ್ಟಿದಾಗ ಹೊಸ್ತಿಲ ಮೇಲೆ ನಡುವಯಸ್ಸಿನ ಹೆಂಗಸೊಬ್ಬರು ಕುಳಿತು ಶೇಂಗಾ ಸುಲಿಯುತ್ತಿದ್ದರು. ನನ್ನ ಚೀಲ ನೋಡಿ ಎದ್ದು ನಿಂತರು.

“ನಿನ್ನಿ ಬಂದಾಂವ ನೀನ ಏನ ತಮ್ಮಾ?”

“ಹೌದ್ರಿ ಅಕ್ಕಾರ. ಬಾಗಲಾ ಹಾಕಿತ್ರಿ.”

“ಹಂಗಂತನ ನಮ್ಮವರ ಮೊಬೈಲಿಗೆ ಮೆಸೇಜ್ ಬಂದಿತ್ತ. ಯಾವ ಬಾಗಲಾ?”

ಆಗ ಕಣ್ಣೆತ್ತಿ ನೋಡಿದೆ. ಆ ಮನೆಗೆ ಬಾಗಿಲೇ ಇರಲಿಲ್ಲ. ಖಾಲಿ ಚೌಕಟ್ಟು, ಅದಕ್ಕೊಂದು ಹಳೆಯ ಸೀರೆಯ ಪರದೆ.

“ಹುಳಾ ಹತ್ತಿತ್ತಂತ ಕಿತ್ತ ಬಡಗ್ಯಾಗ ಕೊಟ್ಟೇನಿ. ಐದ ದಿನ ಆತ,” ಎಂದರು.

ನಾನು ಬಗ್ಗಿ ಶೂ ಲೇಸು ಕಟ್ಟತೊಡಗಿದೆ. ನನ್ನ ಕಾಲಲ್ಲಿದ್ದದ್ದು ಚಪ್ಪಲಿ.

ಪುಣ್ಯಕ್ಕೆ ಅಕ್ಕ ಮಾತು ಬೆಳೆಸಲಿಲ್ಲ, ಅವರಿಗೆ ಪಾರ್ಸಲ್ ಮುಖ್ಯವಾಗಿತ್ತು. ಒಳಗಿದ್ದದ್ದು ಅವರ ಗಂಡನಿಗೆ ತರಿಸಿದ ಕಿವಿಯ ಮಷೀನು. ಪವರ್‌ಲೂಮಿನ ಮಗ್ಗಗಳ ಸದ್ದಿನಲ್ಲಿ ವರ್ಷಾನುಗಟ್ಟಲೆ ನಿಂತು ಅವರ ಕಿವಿ ಮಂದವಾಗಿತ್ತು. ಕೇಳಿಸದಿದ್ದರೂ ಕೇಳಿಸಿದವರ ಹಾಗೆ ನಕ್ಕು ಹೂಂಗುಡುವುದು ಅವರ ಚಾಳಿ. ಮಗಳನ್ನು ನೋಡಲು ಗಡಹಿಂಗ್ಲಜದಿಂದ ಬಂದ ಗಂಡಿನ ಕಡೆಯವರು, ಮದುವೆಯಾದ ಮೇಲೆ ಹುಡುಗಿ ನರ್ಸಿಂಗ್ ಓದು ಬಿಡಬೇಕಾಗುತ್ತದೆ ಎಂದಿದ್ದರಂತೆ. ಇವರು ನಕ್ಕು ಹೂಂ ಎಂದಿದ್ದರಂತೆ.

“ನಾ ಚಾ ಮಾಡಾಕ ಒಳಗ ಹೋಗಿದ್ದೆ. ಹೊರಗ ಬರೂದ್ರಾಗ ಮಗಳ ಸಾಲಿ ಬಿಡಿಸಿ ಕುಂತಿದ್ರು! ನಾಳೆ ಮತ್ತ ಬರತಾರ ಅವರು. ನಾಳೆ ಇವರು ಹೂಂ ಅಂದ್ರ ಮುಗೀತ. ಇವರಿಗಿ ಖರೇನ ಕೇಳಸಬೇಕ, ತಿಳೀತೇನ?”

ತಿಳಿಯಿತು. ಆ ನೀಲಿ ಬಾಗಿಲೂ ನೆನಪಾಯಿತು.

ಒಟಿಪಿ ಗಂಡನ ಮೊಬೈಲಿನಲ್ಲಿತ್ತು, ಗಂಡ ದೂರದ ಲೂಮಿನಲ್ಲಿದ್ದರು. ನಾನೇ ಅಲ್ಲಿಗೆ ಹೋಗಿ ಕೊಡೋಣವೆಂದರೆ ವಿಳಾಸದಿಂದ ದೂರ ಹೋದಮೇಲೆ ಆ್ಯಪ್ ಒಟಿಪಿ ತೆಗೆದುಕೊಳ್ಳುವುದಿಲ್ಲ. ಮಾತು ಕೇಳಿಸದ್ದಕ್ಕೆ ಗಂಡ ಬೇರೆ ಯಾರ ಫೋನನ್ನೂ ಎತ್ತುತ್ತಿರಲಿಲ್ಲ, ಅಕ್ಕನೇ ವಿಡಿಯೋ ಕಾಲ್ ಮಾಡಿದರು. ಫೋನಿನ ಪರದೆಯ ಮೇಲೆ ಮೀಸೆಯ ಮುಖವೊಂದು ಮೂಡಿತು. ಮುಖದ ಜೊತೆಗೆ ಖಟಖಟ ಖಟಖಟ ಎಂದು ಇಡೀ ಲೂಮು ಓಣಿಗೆ ಬಂದು ನಿಂತಿತು. ಅಕ್ಕ ಪಾರ್ಸಲ್ ತೋರಿಸಿದರು, ಗಂಡ ಅದೇ ಫೋನಿನಲ್ಲಿ ಮೆಸೇಜು ತೆರೆದು ನೋಡಿ ಕೈ ಎತ್ತಿದರು. ಲೂಮಿನಲ್ಲಿ ಮಾತಿಗಿಂತ ಕೈಯೇ ಹೆಚ್ಚು ನಡೆಯುವುದು.

“ಇಲ್ಲಿ ಕೊಡ್ರಿ, ನಾ ನೋಡತೇನಿ,” ಎಂದು ನಾನು ಫೋನ್ ಕಸಿದುಕೊಂಡೆ. ತಪ್ಪು ಮಾಡಿದವನಿಗೆ ಉತ್ಸಾಹ ಜಾಸ್ತಿ.

ಅವರು ಹೆಬ್ಬೆರಳಿನಿಂದ ಉಂಗುರಬೆರಳು ಮುಟ್ಟಿದರು, ಆಮೇಲೆ ನಡುಬೆರಳು, ಆಮೇಲೆ ಕಿರುಬೆರಳು, ಮತ್ತೆ ನಡುಬೆರಳು. ಕಿರುಬೆರಳಿನಿಂದ ಎಣಿಸಿದರೆ ಎರಡು, ಮೂರು, ಒಂದು, ಮೂರು. ಹಾಕಿದೆ. ‘ಒಟಿಪಿ ತಪ್ಪಾಗಿದೆ.’

ಸರಿ, ತೋರುಬೆರಳಿನಿಂದ ಎಣಿಸಬೇಕೇನೋ ಎಂದುಕೊಂಡು ಮೂರು, ಎರಡು, ನಾಲ್ಕು, ಎರಡು ಹಾಕಿದೆ. ‘ಒಟಿಪಿ ತಪ್ಪಾಗಿದೆ. ಇನ್ನು ಒಂದೇ ಅವಕಾಶ ಉಳಿದಿದೆ.’

“ಅಕ್ಕಾರ, ಇನ್ನೊಮ್ಮಿ ತಪ್ಪಿದ್ರ ಇವತ್ತಿನ ಚಾನ್ಸ ಮುಗೀತ್ರಿ, ಇದು ವಾಪಸ್ ಹೊಕ್ಕೈತಿ.”

ಅಕ್ಕ ಫೋನ್ ಕಿತ್ತುಕೊಂಡು ತಮ್ಮ ಬೆರಳೊಂದನ್ನು ಎತ್ತಿ ಹಿಡಿದರು. “ಬಳ್ಳ ಎಣಸಿದೇನ? ಲೂಮಿನ ಮಂದಿ ಬಳ್ಳ ಎಣಸೂದಿಲ್ಲೋ, ಗೆಣ್ಣ ಎಣಸತಾರ! ಒಂದೊಂದ ಬಳ್ಳಿನಾಗ ಮೂರ ಗೆಣ್ಣ.”

ಅವರೂ ಮದುವೆಗೆ ಮುಂಚೆ ಲೂಮಿನಲ್ಲೇ ದುಡಿದವರು. ಗಂಡನಿಗೆ ಮತ್ತೊಮ್ಮೆ ನಿಧಾನವಾಗಿ ತೋರಿಸಲು ಸನ್ನೆ ಮಾಡಿದರು. ಉಂಗುರಬೆರಳಿನ ಮೊದಲ ಗೆಣ್ಣು: ಕಿರುಬೆರಳಿನ ಮೂರು ದಾಟಿ ನಾಲ್ಕು. ನಡುಬೆರಳಿನ ಮೊದಲ ಗೆಣ್ಣು ಏಳು. ಕಿರುಬೆರಳಿನ ಎರಡನೆಯದು ಎರಡು. ಕೊನೆಗೆ ನಡುಬೆರಳಿನ ತುದಿ, ಒಂಬತ್ತು.

“ನಾಕ, ಏಳ, ಎಡ್ಡ, ಒಂಬತ್ತ. ಹಾಕ.”

ಹಾಕಿದೆ. ಒತ್ತುವ ಮುಂಚೆ ಅಕ್ಕನ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹೆಬ್ಬೆರಳನ್ನು ನೋಡುತ್ತಿದ್ದರು. ಒತ್ತಿದೆ. ಹಸಿರು ಬಣ್ಣ ಬಂತು. ‘ತಲುಪಿದೆ.’

ಆ ಕಡೆ ಗಂಡನ ಮೊಬೈಲಿಗೆ ಮೆಸೇಜು ಹೋಗಿರಬೇಕು, ಮೀಸೆ ಅರಳಿತು. ಅಕ್ಕ ದನಿಯಿಲ್ಲದೆ ಬರೀ ತುಟಿಯಾಡಿಸಿ ಏನೋ ಹೇಳಿದರು. ಗಂಡ ಗಹಗಹಿಸಿ ನಕ್ಕು ಫೋನ್ ಇಟ್ಟರು.

“ಏನ ಅಂದ್ರಿ?”

“ಇನ್ನ ಮ್ಯಾಲೆ ನಾ ಬೈದದ್ದೆಲ್ಲಾ ಕೇಳಸತೈತಿ ಅಂದೆ.”

ಇಬ್ಬರೂ ನಕ್ಕೆವು. ಗೆದ್ದವನ ಹಾಗೆ ಚೀಲ ಹೆಗಲಿಗೇರಿಸಿದೆ. ಅಕ್ಕ ಪಾರ್ಸಲನ್ನು ಎದೆಗವಚಿಕೊಂಡು ಏನೋ ಯೋಚಿಸುತ್ತ ನಿಂತಿದ್ದರು.

“ಅಲ್ಲೋ ತಮ್ಮಾ, ಕೊಟ್ಟೇನಿ ಅನ್ನಾಕ ನಮ್ಮ ಒಟಿಪಿ ನಂಬರ್ ಬೇಕ ನಿನಗ.”

“ಹೌದ್ರಿ.”

“ಬಾಗಲಾ ಹಾಕಿತ್ತು ಅನ್ನಾಕ?”

ಚೀಲದ ಪಟ್ಟಿ ಸರಿಮಾಡಿಕೊಳ್ಳುತ್ತ, “ಅದಕ್ಕ ಬ್ಯಾಡ್ರಿ,” ಎಂದೆ.

“ಅಂದ್ರ ಅದೊಂದನ್ನ ಅಷ್ಟ ನಿನ್ನ ಮಾತಿನ ಮ್ಯಾಲೆ ನಂಬಿ ಬಿಟ್ಟಾರ.”

ಸಿಟ್ಟಿನಿಂದ ಅಂದಿದ್ದರೆ ತಿರುಗಿ ಮಾತಾಡುತ್ತಿದ್ದೆ, ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಅವರು ಲೆಕ್ಕ ತಿಳಿದುಕೊಂಡವರ ಹಾಗೆ ಸುಮ್ಮನೆ ಅಂದರು. ನನಗೆ ನಾಚಿಕೆಯಾಯಿತು.

“ಅಕ್ಕಾರ, ನಿನ್ನಿ ನಾ ಇಲ್ಲಿತನಕಾ ಬಂದ ಇದ್ದಿಲ್ರಿ.”

“ಗೊತ್ತೈತಿ,” ಎಂದು ಅವರು ಪರದೆ ಸರಿಸಿದರು. “ಒಳಗ ಬಾ, ಚಾ ಕುಡದ ಹೋಗು.”