ಕೂಡುವುದು ಬೇಡ ಎಂದ ಚಿಕಿತ್ಸೆ

ರಬಕವಿಯಲ್ಲಿ ಸೀರೆ ವ್ಯಾಪಾರ ಮಾಡುವ ನನಗೆ ನಿಮಿರುವಿಕೆಯ ತೊಂದರೆ ಇತ್ತು. ಸಕ್ಕರೆ, ಬಿಪಿ ಸರಿಯಿದ್ದುದರಿಂದ ಡಾಕ್ಟರು ನನ್ನನ್ನೂ ಹೆಂಡತಿಯನ್ನೂ ಜಮಖಂಡಿಯ ಮನಶ್ಶಾಸ್ತ್ರಜ್ಞೆಯ ಬಳಿ ಕಳಿಸಿದರು.

“ಕೂಡೂ ಹೊತ್ತಿನ್ಯಾಗ ತಲ್ಯಾಗ ಏನ್ ಓಡ್ತೈತ್ರಿ?” ಎಂದು ಆಕೆ ಕೇಳಿದರು.

“ಈ ಸಲಾನೂ ಆಗೂದಿಲ್ಲ ಅಂತ್ರೀ. ಸೀರಿ ನೂಲು ಜಗ್ಗಿ ನೋಡಿದಂಗ, ನಿಮಿರೇತೋ ಇಲ್ಲೋ ಅಂತ ಮತ್ತ ಮತ್ತ ನೋಡ್ಕೋತೇನಿ.”

“ಆ ಪರೀಕ್ಷೇನ ಅಂಜಿಕಿ ಹೆಚ್ಚ ಮಾಡ್ತೈತಿ. ಸದ್ಯ ಒಂದಷ್ಟ ವಾರ ಕೂಡೂದು ಬ್ಯಾಡ, ಬರೇ ಮುಟ್ರಿ. ಮನಸ್ಸು ಓಡಿದ್ರ ಬೈಕೋಬ್ಯಾಡ್ರಿ, ಕೈಯ ಬಿಸಿಗೆ ವಾಪಸ್ ತರ್ರಿ.”

“ಎಷ್ಟ್ ವಾರರೀ? ಒಂದೀಟು ಕಡಿಮಿ ಮಾಡ್ರಲಾ.”

“ಇಲ್ಲೂ ಚೌಕಾಶಿ ಏನ್ರಿ?” ಹೆಂಡತಿ ಸಿಡುಕಿದಳು. “ನಾನ ನಿಮಗ ಬ್ಯಾಡಾದೆ ಅಂತ ಅಳಾಕತ್ತೇನಿ.”

ನನ್ನ ಅಂಜಿಕೆಯನ್ನು ಅಲ್ಲಿಯವರೆಗೆ ಅವಳಿಗೆ ಹೇಳೇ ಇರಲಿಲ್ಲ.

ಮನೆಯಲ್ಲಿ ಹೇಳಿದಂತೆ ಮಾಡಿದೆವು. ಒಮ್ಮೆ ದೇಹ ಎಚ್ಚೆತ್ತಿತು, ಪರೀಕ್ಷಿಸಹೋದೆ, ಇಳಿಯಿತು. ಹಿಂದಾದರೆ ಗೋಡೆ ಕಡೆ ಹೊರಳುತ್ತಿದ್ದೆ. ಅಂಜಿಕೆ ಇನ್ನೂ ಇತ್ತು, ಆದರೂ ಅವಳ ಕೈ ಬಿಡಲಿಲ್ಲ. ಗುಟ್ಟಾಗಿ ಗುಳಿಗೆ ಹುಡುಕುವವರಿಗೆ ನನ್ನ ಮಾತಿಷ್ಟೆ: ಮೊದಲು ಹೆಂಡತಿಗೆ ಹೇಳಿ.