ಟೈಫಾಯ್ಡ್ ಎಂದು ನಾನು ಬರೆದ ಚೀಟಿ

ಬಂಟ್ವಾಳದ ಆಸ್ಪತ್ರೆಯಲ್ಲಿ ನಾನು ರಕ್ತ ಪರೀಕ್ಷೆ ಮಾಡುತ್ತಿದ್ದ ಕಾಲವದು. ಡಾಕ್ಟರಮ್ಮನಿಗೆ ನನ್ನ ಯಾವ ಚೀಟಿಯ ಮೇಲೂ ನಂಬಿಕೆಯಿರಲಿಲ್ಲ; ಪ್ರತಿಯೊಂದನ್ನೂ ಎರಡು ಸಲ ಓದುತ್ತಿದ್ದರು. ಒಂದು ಮಳೆಗಾಲ ವಾಮದಪದವಿನಿಂದ ಗದ್ದೆ ಕೆಲಸದವನೊಬ್ಬ ಐದು ದಿನದ ಜ್ವರದಲ್ಲಿ ಬಂದ. ಅವನ ರಕ್ತವನ್ನು ಎರಡು ಸಲ ಗಾಜಿಗೆ ಸವರಿ ನೋಡಿದೆ. ಮಲೇರಿಯಾ ಕ್ರಿಮಿ ಸಿಗಲಿಲ್ಲ, ಅದರ ಮದ್ದು ಕ್ಲೋರೋಕ್ವಿನ್ ಬೇಡವೆಂದಾಯಿತು. ಟೈಫಾಯ್ಡ್ ಪತ್ತೆಹಚ್ಚುವ ವಿಡಾಲ್ ಪರೀಕ್ಷೆಯಲ್ಲಿ ಸ್ವಲ್ಪ ಸುಳಿವು ಕಂಡದ್ದರಿಂದ ಟೈಫಾಯ್ಡ್ ಎಂದು ಬರೆದೆ.

“ಜ್ವರ ಬಂದು ವಾರವೂ ಆಗದೆ, ಐದೇ ದಿನಕ್ಕೆ ವಿಡಾಲನ್ನು ನಂಬುವುದು ಹೇಗೆ?” ಎಂದು ಡಾಕ್ಟರಮ್ಮ ರೋಗಿಯತ್ತ ತಿರುಗಿದರು. “ಟೈಫಾಯ್ಡಿನ ಚುಚ್ಚುಮದ್ದು ತೆಗೊಂಡದ್ದು ಉಂಟಾ?”

“ಉಂಟು ಅಮ್ಮ, ಬೇಸಗೆಯಲ್ಲಿ ಶಾಲೆಯ ಹತ್ತಿರ ಕೊಟ್ಟಿದ್ದಾರೆ.”

ಚುಚ್ಚುಮದ್ದಿನಿಂದಲೂ ವಿಡಾಲ್ ಹಾಗೆ ತೋರಿಸುತ್ತದೆ. ನನ್ನ ಮುಖ ಬಿಸಿಯಾಯಿತು. ಅವರು ಅವನ ಕೆಂಪಾದ ಕಣ್ಣು ನೋಡಿ, ಕಾಲಿನ ಮೀನಖಂಡ ಒತ್ತಿದರು. ಅವನು ಚೀರಿದ. ಇಲಿಯ ಮೂತ್ರ ಬೆರೆತ ಗದ್ದೆನೀರಿನಿಂದ ಬರುವ ಇಲಿಜ್ವರವೆಂದು ಅವರ ಗುಮಾನಿ. ಅದರ ಪರೀಕ್ಷೆ ನಮ್ಮಲ್ಲಿರಲಿಲ್ಲ. ಅಂದೊಮ್ಮೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ, ಹೋಲಿಸಿ ನೋಡಲೆಂದು ಅವನ ರಕ್ತದ ಸೀರಮ್ ಮದರಾಸಿಗೆ ಕಳಿಸಿದೆವು. ಅವರು ಉತ್ತರಕ್ಕೆ ಕಾಯದೆ, ಟೈಫಾಯ್ಡಿನ ಕ್ಲೋರಾಮ್‌ಫೆನಿಕಾಲ್ ಬಿಟ್ಟು ಪೆನಿಸಿಲಿನ್ ಚುಚ್ಚಿದರು.

ಅವರ ಊಹೆ ತಪ್ಪಲಿ ಎಂದು ನಾನು ಒಳಗೊಳಗೆ ಆಸೆಪಟ್ಟದ್ದುಂಟು. ನಾಲ್ಕನೆಯ ದಿನ ಜ್ವರ ಇಳಿದು ಅವನು ಗಂಜಿ ಕೇಳಿದಾಗ ನಾಚಿಕೆಯಾಯಿತು. ಮದರಾಸಿನ ಕಾಗದ ಇಲಿಜ್ವರವೆಂದೇ ಹೇಳಿತು. ಡಾಕ್ಟರಮ್ಮ ಅದನ್ನೂ ಎರಡು ಸಲ ಓದಿದರು.