ಶ್ರೀಕಾರ್ಯಂನಲ್ಲಿ ಮುರಿಯದ ಮದುವೆ

ಮೊದಲೇ ಒಪ್ಪಿಕೊಳ್ಳುತ್ತೇನೆ: ಆ ಕಾಗದಕ್ಕೆ ಉತ್ತರ ಬರೆಯಬೇಡ ಎಂದು ಅಕ್ಕನಿಗೆ ಹೇಳಿದ ಬುದ್ಧಿವಂತ ನಾನೇ.

ಅಕ್ಕ ಎಂದರೆ ದೊಡ್ಡಪ್ಪನ ಮಗಳು. ತಿರುವನಂತಪುರದ ಶ್ರೀಕಾರ್ಯಂನಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ಮಂಗಳೂರಿನಲ್ಲಿ ಮದುವೆಯಾಗಿ ಆರು ತಿಂಗಳಿಗೇ ಭಾವ ಒಬ್ಬನೇ ಇಂಗ್ಲೆಂಡಿಗೆ ಹೋದ. ಕೆಲವು ವರ್ಷ ಕಳೆದ ಮೇಲೆ ಅಲ್ಲಿಂದ ಬಂದದ್ದು ಅವನಲ್ಲ, ವಿಚ್ಛೇದನದ ನೋಟೀಸು. ಆ ಭಾನುವಾರ ಕೊಚ್ಚಿಯಿಂದ ಅವಳ ಮನೆಗೆ ಹೋಗಿದ್ದ ನಾನು ಅದನ್ನು ಬಿಳಿ ವಿಗ್ಗಿನ ಜಡ್ಜಿಯ ದನಿಯಲ್ಲಿ, ಮೂಗಿನಿಂದಲೇ ಓದಿದೆ. ಅಕ್ಕ ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು.

"ನನಗೂ ಸಾಕಾಗಿದೆ. ಒಪ್ಪಿಗೆ ಅಂತ ಬರೆದು ಕಳಿಸ್ತೇನೆ" ಎಂದಳು.

"ಎಂತಕ್ಕೆ ಮಾರಾಯ್ತಿ? ಸಹಿ ಹಾಕಿದರೆ ಯಾವುದರಲ್ಲಿ ಸಿಕ್ಕಿಬೀಳ್ತೀಯೋ. ಸುಮ್ಮನಿರು, ಅಲ್ಲಿನ ಕೋರ್ಟಿನವರೇ ಡೈವೋರ್ಸ್ ಕೊಟ್ಟು ಮುಗಿಸ್ತಾರೆ."

ಕೊಟ್ಟು ಮುಗಿಸಿದರು. ಭಾವ ಅಲ್ಲೇ ಇನ್ನೊಂದು ಮದುವೆಯಾದ. ಅಕ್ಕನಿಗೂ ತನ್ನ ಬ್ಯಾಂಕಿನವರೇ ಒಬ್ಬರು ಮೆಚ್ಚುಗೆಯಾದರು. ಅವರು ಇಲ್ಲಿನ ಕ್ರೈಸ್ತರು. ವಿಶೇಷ ವಿವಾಹ ಕಾಯ್ದೆಯಡಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯ ನೋಟೀಸು ಕೊಡಲು ಮೂವರೂ ಹೋದೆವು. ಅಧಿಕಾರಿ ಇಂಗ್ಲೆಂಡಿನ ಆದೇಶವನ್ನು ತಿರುಗಿಸಿ ಮುರುಗಿಸಿ ನೋಡಿ, ಎರಡು ಸಲ ಕೆಮ್ಮಿ, "ಇದು ಇಲ್ಲಿ ನಡೆಯುತ್ತದೆಯೇ ಅಂತ ವಕೀಲರನ್ನು ಕೇಳಿ ಬನ್ನಿ" ಎಂದರು. ಸೀಲಿದೆ, ಸಹಿಯಿದೆ, ಇನ್ನೇನು ಬೇಕು, ರಾಜನೇ ಬಂದು ಹೇಳಬೇಕೇ ಎಂದು ನಾನು ದಾರಿಯುದ್ದಕ್ಕೂ ಅಧಿಕಾರಿಯ ಹಾಗೆಯೇ ಕೆಮ್ಮಿ ಕೆಮ್ಮಿ ಅಣಕಿಸಿದೆ. ಯಾರೂ ನಗಲಿಲ್ಲ.

ಮುಂದಿನ ಶನಿವಾರ ಅಕ್ಕನನ್ನು ಕೊಚ್ಚಿ ಪಕ್ಕದ ತ್ರಿಪ್ಪುಣಿತ್ತುರದ ಒಬ್ಬ ವಕೀಲೆಯ ಬಳಿ ಕರೆದೊಯ್ದೆ. ಕಾಸರಗೋಡಿನವರು, ಕನ್ನಡದಲ್ಲೇ ಬೈಯಬಲ್ಲವರು.

"ಅಲ್ಲಿನ ಕೋರ್ಟಿಗೆ ಹಾಜರಾಗಿದ್ದೆಯಾ?"

"ಇಲ್ಲ."

"ವಕೀಲರನ್ನು ಇಟ್ಟಿದ್ದೆಯಾ?"

"ಇಲ್ಲ."

"ಒಪ್ಪಿಗೆ ಅಂತ ಒಂದು ಗೆರೆಯಾದರೂ ಬರೆದದ್ದು ಉಂಟಾ?"

ಅಕ್ಕ ನನ್ನನ್ನು ನೋಡಿದಳು. ನಾನು ಫ್ಯಾನನ್ನು ನೋಡಿದೆ.

"ಹಾಗಾದರೆ ಕೇಳು" ಎಂದರು ವಕೀಲೆ. "ನಿಮ್ಮದು ಹಿಂದೂ ಮದುವೆ. ಸಂಬಂಧ ಸರಿಯಾಗದಷ್ಟು ಮುರಿದಿದೆ ಅಂತ ಅಲ್ಲಿನ ಕೋರ್ಟು ಡೈವೋರ್ಸ್ ಕೊಟ್ಟಿದೆ. ನಮ್ಮ ಹಿಂದೂ ವಿವಾಹ ಕಾಯ್ದೆಯಲ್ಲಿ ಆ ಕಾರಣವೇ ಇಲ್ಲ. ನೀನು ಹೋಗಿ ವಾದಿಸಲೂ ಇಲ್ಲ, ಒಪ್ಪಲೂ ಇಲ್ಲ. ಅಂಥ ಏಕಪಕ್ಷೀಯ ತೀರ್ಪನ್ನು ಇಲ್ಲಿನ ಕೋರ್ಟು ಒಪ್ಪಬೇಕಾಗಿಲ್ಲ; ಸಿವಿಲ್ ಪ್ರಕ್ರಿಯಾ ಸಂಹಿತೆಯ ಹದಿಮೂರನೇ ಸೆಕ್ಷನ್ ಅಡ್ಡ ನಿಲ್ತದೆ. ಅವನು ಅಲ್ಲಿ ಬಿಡುಗಡೆಯಾದವ, ನೀನು ಇಲ್ಲಿ ಮುತ್ತೈದೆ."

"ಆದರೆ ಇಬ್ಬರಿಗೂ ಡೈವೋರ್ಸೇ ಬೇಕಲ್ಲ ಮೇಡಂ! ಆಕ್ಷೇಪ ಯಾರದ್ದು?" ಎಂದು ನಾನು ಕೂಗಿದೆ.

"ಇವತ್ತು ಯಾರದ್ದೂ ಇಲ್ಲ. ನಾಳೆ ಇವಳ ಹೊಸ ಮದುವೆಯೇ ಅಸಿಂಧು ಅಂತ ಯಾರಾದರೂ ಆಸ್ತಿಗೋಸ್ಕರ ಎದ್ದರೆ? ಆವಾಗಲೇ ಸ್ವಂತ ಇಚ್ಛೆಯಿಂದ ಒಪ್ಪಿಗೆ ಬರೆದು ಕಳಿಸಿದ್ದರೆ ಈ ಆದೇಶವನ್ನು ಇಲ್ಲಿಯೂ ಎತ್ತಿಹಿಡಿಯಬಹುದಿತ್ತು. ಬರೆಯಬೇಡ ಅಂದ ಮಹಾನುಭಾವ ಯಾರು ಮೋನೇ?"

ಕೇರಳಕ್ಕೆ ಬಂದು ಐದು ವರ್ಷ. 'ಮಗನೇ' ಎನ್ನುವ ಆ ಮಾತು ಅಷ್ಟು ಚುಚ್ಚುತ್ತದೆಂದು ನನಗೆ ಗೊತ್ತಿರಲಿಲ್ಲ.

ಉಳಿದ ದಾರಿ ಎರಡು. ಗಂಡ ತೊರೆದು ಹೋದನೆಂದು ಅಕ್ಕನೊಬ್ಬಳೇ ಇಲ್ಲಿ ಕೇಸು ಹಾಕುವುದು. ಅವನು ತಕರಾರು ತೆಗೆದರೆ ವರ್ಷಗಟ್ಟಲೆ ಎಳೆಯಬಹುದು. ಇಲ್ಲವೇ ಇಬ್ಬರೂ ಸೇರಿ ತಿರುವನಂತಪುರದ ಫ್ಯಾಮಿಲಿ ಕೋರ್ಟಿನಲ್ಲಿ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕುವುದು. ಆರು ತಿಂಗಳ ಕಾಯುವಿಕೆಯನ್ನು ಕೋರ್ಟು ಬೇಕಾದರೆ ಮನ್ನಾ ಮಾಡಬಹುದು. ಭಾವ ಬರಬೇಕೆಂದೂ ಇಲ್ಲ. ತನ್ನ ಪರವಾಗಿ ಸಹಿ ಹಾಕಲು ಯಾರಿಗಾದರೂ ಮುಖ್ತಿಯಾರುನಾಮೆ ಕೊಟ್ಟು, ವಿಡಿಯೋದಲ್ಲಿ ಹೌದು ಎಂದರೂ ಆದೀತು.

ತಪ್ಪು ನನ್ನದು, ಫೋನೂ ನಾನೇ ಮಾಡಿದೆ, ವಕೀಲರ ಗಂಭೀರ ದನಿಯಲ್ಲಿ. ಎರಡನೇ ವಾಕ್ಯಕ್ಕೇ ಭಾವ, "ನಿನ್ನ ಮಿಮಿಕ್ರಿ ನಿಲ್ಲಿಸೋ" ಎಂದ. ಸ್ವಂತ ದನಿಯಲ್ಲಿ ಬೇಡಿಕೊಂಡೆ. ಒಂದು ತಿಂಗಳಲ್ಲಿ ನಾಲ್ಕು ಸಲ ಬೇಡಿಕೊಂಡೆ. ಪ್ರತಿ ಸಲವೂ ಅದೇ ಉತ್ತರ: "ಒಂದು ಸಲ ಬಿಟ್ಟಾಗಿದೆ. ಒಬ್ಬಳನ್ನೇ ಎಷ್ಟು ಸಲ ಬಿಡುವುದು? ಅದು ನಿಮ್ಮ ದೇಶದ ತಲೆನೋವು." ಆರು ವರ್ಷದ ಹಿಂದೆ ಇವನೂ ಇದೇ ದೇಶದ ಪಾಸ್‌ಪೋರ್ಟ್ ಹಿಡಿದು ಹೋದವನೇ! ಇತ್ತ ಅಕ್ಕನನ್ನು ಮದುವೆಯಾಗಬೇಕಾದವರ ಮನೆಯಲ್ಲಿ, "ಹುಡುಗಿಗೆ ಗಂಡ ಇದ್ದಾನಾ, ಇಲ್ಲವಾ?" ಎಂಬ ಪ್ರಶ್ನೆ ಎದ್ದಿತ್ತು. ಅದಕ್ಕೆ ಯಾವ ದನಿಯಲ್ಲಿ ಉತ್ತರ ಕೊಡುವುದು?

ಐದನೆಯ ಸಲ ಭಾವ ಮಾತಿನ ಮಧ್ಯೆ, ಮುಂದಿನ ತಿಂಗಳು ಹೆಂಡತಿಯೊಂದಿಗೆ ಮಂಗಳೂರಿಗೆ ಬರುತ್ತಿದ್ದೇನೆ, ತಮ್ಮ ಹೊಸ ಮನೆ ಕಟ್ಟಿದ್ದಾನೆ, ಅದರ ಒಕ್ಕಲು, ಇಂಥ ರಗಳೆಗೆಲ್ಲ ಪುರುಸೊತ್ತಿಲ್ಲ ಎಂದ. ಅಷ್ಟು ದಿನ ಎಲ್ಲ ನನಗೇ ಬಿಟ್ಟು, ಅಂದು ಪಕ್ಕದಲ್ಲೇ ಕೂತಿದ್ದ ಅಕ್ಕ ಫೋನು ಕಿತ್ತುಕೊಂಡಳು. ಆಮೇಲೆ ವಾರ ಕಳೆಯುವುದರೊಳಗೆ ಅವನು ಭಾರತೀಯ ಹೈಕಮಿಷನ್ನಿಗೆ ಹೋಗಿ ಮುಖ್ತಿಯಾರುನಾಮೆಗೆ ಸಹಿ ಹಾಕಿದ. ಅವಳು ದನಿ ಏರಿಸದೆ, ಬ್ಯಾಂಕಿನ ಕೌಂಟರಿನಲ್ಲಿ ಮಾತಾಡುವ ಹಾಗೆಯೇ ಹೇಳಿದ್ದು ಇಷ್ಟು:

"ಬನ್ನಿ, ಬನ್ನಿ. ನಿಮ್ಮ ದೇಶದಲ್ಲಿ ನಾನು ಯಾರೂ ಅಲ್ಲ, ಸರಿ. ಈ ದೇಶದಲ್ಲಿ ಇನ್ನೂ ನಾನೇ ಅಲ್ವಾ ನಿಮ್ಮ ಹೆಂಡತಿ? ಒಕ್ಕಲಿನ ದಿನ ನಾನೇ ಬಾಗಿಲಲ್ಲಿ ಆರತಿ ಹಿಡಿದು ನಿಂತಿರ್ತೇನೆ. ಕಾರಿನಿಂದ ನಿಮ್ಮ ಜೊತೆ ಇಳಿಯುವವರು ಯಾರು ಅಂತ ನೆಂಟರಿಗೆಲ್ಲ ನೀವೇ ಹೇಳಿ."